ಕಾಲುರಿಯ ಮಾತ್ರೆಯೂ ಸಕ್ಕರೆಯ ಲೆಕ್ಕವೂ

ಸಕ್ಕರೆ ಕಾಯಿಲೆ ಬಂದು ಹತ್ತು ಹನ್ನೆರಡು ವರ್ಷ ಕಳೆದವರಲ್ಲಿ ಹಲವರಿಗೆ ರಾತ್ರಿ ಮಲಗಿದ ಮೇಲೆ ಪಾದ ಉರಿಯತೊಡಗುತ್ತದೆ. ಹೊದಿಕೆ ಸೋಕಿದರೂ ಸಹಿಸಲಾಗದು. ಒದ್ದೆ ಬಟ್ಟೆ ಸುತ್ತಿಕೊಂಡು ಮಲಗುವವರಿದ್ದಾರೆ, ಎದ್ದು ತಣ್ಣನೆಯ ನೆಲಕ್ಕೆ ಪಾದವೂರಿ ಕೂರುವವರಿದ್ದಾರೆ. ಹಗಲಲ್ಲಿ ಉರಿಗಿಂತ ಜೋಮು ಹೆಚ್ಚು. ಕಾಲಿಂದ ಚಪ್ಪಲಿ ಜಾರಿಹೋದದ್ದು ನಾಲ್ಕು ಹೆಜ್ಜೆ ನಡೆದ ಮೇಲೆ ಗೊತ್ತಾಗುತ್ತದೆ. ಇದನ್ನು ಹೇಳಿಕೊಂಡವರ ಚೀಟಿಯಲ್ಲಿ ‘ನರದ ಮಾತ್ರೆ’ಯೊಂದು ಸೇರಿಕೊಳ್ಳುವುದು ನಮ್ಮಲ್ಲಿ ವಾಡಿಕೆ. ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಕೇಳಿ ಪಡೆಯುವವರೂ ಕಡಿಮೆಯಿಲ್ಲ. ಆ ಮಾತ್ರೆಯ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿದರೆ ಮತ್ತೆ ಮತ್ತೆ ಕಾಣುವ ಹೆಸರುಗಳು ಎರಡು: ಆಲ್ಫಾ ಲಿಪೋಯಿಕ್ ಆಸಿಡ್ ಮತ್ತು ಬೆನ್‌ಫೋಟಿಯಮಿನ್.

ಇವು ಕೆಲಸ ಮಾಡುತ್ತವೆಯೇ ಎಂಬುದಕ್ಕೆ ಹೌದು, ಇಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರಿಸಿದರೆ ತಪ್ಪಾಗುತ್ತದೆ. ಎಷ್ಟು ಪ್ರಮಾಣದಲ್ಲಿ, ಎಷ್ಟು ಕಾಲ, ಯಾವುದಕ್ಕೆ ಎಂದು ಕೇಳಿದಾಗ ಮಾತ್ರ ಉತ್ತರ ಹಿಡಿತಕ್ಕೆ ಸಿಗುತ್ತದೆ.

ಲಿಪೋಯಿಕ್ ಆಸಿಡ್ ಹೊರಗಿನ ವಸ್ತುವಲ್ಲ. ನಮ್ಮ ದೇಹವೇ ಅದನ್ನು ತೀರಾ ಸ್ವಲ್ಪ ಪ್ರಮಾಣದಲ್ಲಿ ತಯಾರಿಸಿಕೊಳ್ಳುತ್ತದೆ. ಜೀವಕೋಶ ಸಕ್ಕರೆಯಿಂದ ಶಕ್ತಿ ಪಡೆಯುವ ಕ್ರಿಯೆಗೆ ಅದು ಬೇಕು. ಎಷ್ಟು ಸ್ವಲ್ಪವೆಂದರೆ, 1951ರಲ್ಲಿ ಅಮೆರಿಕದ ಲೆಸ್ಟರ್ ರೀಡ್ ಮತ್ತು ಸಂಗಡಿಗರು ಸುಮಾರು 10 ಟನ್ ಪಿತ್ತಜನಕಾಂಗದ ಶೇಷವನ್ನು ಸಂಸ್ಕರಿಸಿ ಪಡೆದ ಹರಳು 30 ಮಿಲಿಗ್ರಾಂ. ಇಂದು ಕಾರ್ಖಾನೆಯಲ್ಲಿ ತಯಾರಾಗುವ ಒಂದು ಮಾತ್ರೆಯಲ್ಲಿ ಅದರ ಇಪ್ಪತ್ತು ಪಟ್ಟು ಇರಬಹುದು. ದೇಹಕ್ಕೆ ಸಹಜವಾದದ್ದೇ ಆದರೂ ಈ ಪ್ರಮಾಣದಲ್ಲಿ ಅದು ಔಷಧವೇ, ಆಹಾರವಲ್ಲ.

ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಹೆಚ್ಚಿದ್ದರೆ ನರಕೋಶಕ್ಕೆ ಅಗತ್ಯಕ್ಕಿಂತ ಹೆಚ್ಚು ಗ್ಲೂಕೋಸ್ ನುಗ್ಗುತ್ತದೆ. ಅದು ಅಡ್ಡದಾರಿಗಳಲ್ಲಿ ಹರಿದು ಹಾನಿಕಾರಕ ಪದಾರ್ಥಗಳಾಗುತ್ತದೆ, ಕೋಶವನ್ನು ಸುಡುವ ಆಮ್ಲಜನಕದ ಉಪೋತ್ಪನ್ನಗಳು ಹೆಚ್ಚುತ್ತವೆ, ನರಕ್ಕೆ ರಕ್ತ ಒಯ್ಯುವ ಕೂದಲೆಳೆಯಂಥ ನಾಳಗಳು ಕೆಡುತ್ತವೆ. ದೇಹದಲ್ಲಿ ಅತಿ ಉದ್ದದ ನರಗಳು ಮೊದಲು ಸೋಲುವುದರಿಂದ ತೊಂದರೆ ಎರಡೂ ಕಾಲ್ಬೆರಳುಗಳ ತುದಿಯಲ್ಲಿ ಆರಂಭವಾಗಿ, ಕಾಲುಚೀಲ ಹಾಕಿಕೊಂಡಷ್ಟು ಜಾಗಕ್ಕೆ ಮೇಲೇರುತ್ತದೆ. ಆಲ್ಫಾ ಲಿಪೋಯಿಕ್ ಆಸಿಡ್ ಆ ಸುಡುವ ಉಪೋತ್ಪನ್ನಗಳನ್ನು ತಣಿಸುತ್ತದೆ ಎಂಬುದು ಅದನ್ನು ಬಳಸುವವರ ವಾದ. ಬೆನ್‌ಫೋಟಿಯಮಿನ್ ಬಿ1 ಜೀವಸತ್ವದ, ಅಂದರೆ ಥಯಮಿನ್‌ನ, ಸಂಶ್ಲೇಷಿತ ರೂಪ. ಸಾಮಾನ್ಯ ಬಿ1ಕ್ಕಿಂತ ಸುಲಭವಾಗಿ ಕರುಳಿನಿಂದ ಹೀರಲ್ಪಟ್ಟು, ಟ್ರಾನ್ಸ್‌ಕೀಟೊಲೇಸ್ ಎಂಬ ಕಿಣ್ವವನ್ನು ಚುರುಕುಗೊಳಿಸಿ, ಹೆಚ್ಚುವರಿ ಸಕ್ಕರೆಯನ್ನು ಅಪಾಯವಿಲ್ಲದ ದಾರಿಗೆ ತಿರುಗಿಸುತ್ತದೆ. ಪ್ರಯೋಗಾಲಯದಲ್ಲಿ ಇದು ಸೊಗಸಾಗಿ ನಡೆಯುತ್ತದೆ. 2003ರಲ್ಲಿ ನೇಚರ್ ಮೆಡಿಸಿನ್ ಪತ್ರಿಕೆಯಲ್ಲಿ ಬಂದ ಪ್ರಬಂಧ ಹಾನಿಯ ಮೂರು ದಾರಿಗಳನ್ನು ಅದು ಒಟ್ಟಿಗೆ ತಡೆದದ್ದನ್ನು ತೋರಿಸಿತು, ಮಧುಮೇಹವಿದ್ದ ಇಲಿಗಳ ಕಣ್ಣಿನ ಪರದೆಯನ್ನೂ ಉಳಿಸಿತು. ಮನುಷ್ಯರ ಪಾದದಲ್ಲಿ ಹಾಗೆಯೇ ಆಗುತ್ತದೆಯೇ ಎಂಬುದು ಬೇರೆ ಪ್ರಶ್ನೆ.

ನೋವನ್ನು ಅಳೆಯಲು ಮಾಪಕವಿಲ್ಲ, ರೋಗಿಯನ್ನೇ ಕೇಳಬೇಕು. ಹೀಗಾಗಿ ಆಲ್ಫಾ ಲಿಪೋಯಿಕ್ ಆಸಿಡ್‌ನ ಪ್ರಯೋಗಗಳಲ್ಲಿ ಒಂದು ಅಂಕಪಟ್ಟಿ ಬಳಸುತ್ತಾರೆ. ಚುಚ್ಚುವ ನೋವು, ಉರಿ, ಜುಮುಗುಡುವಿಕೆ, ಮರಗಟ್ಟುವಿಕೆ ಎಂಬ ನಾಲ್ಕು ಲಕ್ಷಣಗಳಿಗೆ ಎಷ್ಟು ತೀವ್ರ, ಎಷ್ಟು ಸಲ ಎಂದು ನೋಡಿ ಅಂಕ ಕೊಡುತ್ತಾರೆ. ಒಂದೊಂದಕ್ಕೆ ಗರಿಷ್ಠ 3.66, ನಾಲ್ಕೂ ಸೇರಿದರೆ 14.64. ಒಬ್ಬ ನಿವೃತ್ತ ಬಸ್ ಕಂಡಕ್ಟರನ್ನು ಊಹಿಸಿಕೊಳ್ಳೋಣ. ಅವರಿಗೆ ತೀವ್ರ ಉರಿ ಪದೇ ಪದೇ ಬರುತ್ತದೆ, 3.33. ಮಧ್ಯಮ ಜುಮುಗುಡುವಿಕೆ ಸದಾ ಇದೆ, 2.66. ಮಧ್ಯಮ ಮರಗಟ್ಟುವಿಕೆ ಅಪರೂಪಕ್ಕೆ, 2.00. ಸಣ್ಣ ಚುಚ್ಚುನೋವು ಪದೇ ಪದೇ, 1.33. ಒಟ್ಟು 9.32. ಪ್ರಯೋಗಗಳಿಗೆ ಸೇರಿಸಿಕೊಂಡ ರೋಗಿಗಳು ಹೆಚ್ಚುಕಡಿಮೆ ಇಂಥವರೇ.

2006ರಲ್ಲಿ ಪ್ರಕಟವಾದ, ರಷ್ಯಾ ಮತ್ತು ಇಸ್ರೇಲ್‌ಗಳಲ್ಲಿ 181 ಮಂದಿಯ ಮೇಲೆ ನಡೆದ ಸಿಡ್ನಿ 2 ಎಂಬ ಪ್ರಯೋಗದಲ್ಲಿ ಕೆಲವರಿಗೆ ದಿನಕ್ಕೆ 600, ಕೆಲವರಿಗೆ 1200, ಕೆಲವರಿಗೆ 1800 ಮಿಲಿಗ್ರಾಂ ಕೊಟ್ಟರು. ಉಳಿದವರಿಗೆ ಔಷಧವಿಲ್ಲದ ಹುಸಿ ಮಾತ್ರೆ. ಐದು ವಾರಗಳಲ್ಲಿ 600 ಮಿಲಿಗ್ರಾಂ ತೆಗೆದುಕೊಂಡವರ ಅಂಕ ಸರಾಸರಿ 4.9ರಷ್ಟು ಇಳಿಯಿತು. ಹುಸಿ ಮಾತ್ರೆ ತೆಗೆದುಕೊಂಡವರದೂ 2.9ರಷ್ಟು ಇಳಿಯಿತು! ನಮ್ಮ ಕಂಡಕ್ಟರ ಲೆಕ್ಕಕ್ಕೆ ತಂದರೆ, 9.32 ಇದ್ದದ್ದು ಹುಸಿ ಮಾತ್ರೆಯಿಂದಲೂ 6.4ಕ್ಕೆ ಬರುತ್ತಿತ್ತು, ನಿಜವಾದ ಮಾತ್ರೆಯಿಂದ 4.4ಕ್ಕೆ ಬಂತು. ಮಾತ್ರೆಯ ಸ್ವಂತ ಗಳಿಕೆ ಆ ನಡುವಿನ 2 ಅಂಕ. ತೀವ್ರ ಉರಿ ಸಣ್ಣ ಉರಿಯಾಗುವಷ್ಟು. ಉರಿಗೆ ನಿದ್ದೆಗೆಟ್ಟವರಿಗೆ ಇದು ಸಣ್ಣದಲ್ಲ, ಆದರೆ ‘ಒಂದೇ ತಿಂಗಳಲ್ಲಿ ನೋವು ಅರ್ಧವಾಯಿತು’ ಎಂದು ಹೇಳುವವರು ಆ ಅರ್ಧದಲ್ಲಿ ಹೆಚ್ಚಿನ ಪಾಲು ಹುಸಿ ಮಾತ್ರೆಯದೂ ಆಗಿರಬಹುದೆಂದು ಸೇರಿಸಿ ಹೇಳಬೇಕು. ಪ್ರಮಾಣ ಏರಿಸಿದವರಿಗೆ ನೋವು ಇನ್ನಷ್ಟು ಇಳಿಯಲಿಲ್ಲ. ವಾಕರಿಕೆ, ವಾಂತಿ, ತಲೆಸುತ್ತು ಮಾತ್ರ ಹೆಚ್ಚಿದವು. 600 ಸಾಕು ಎಂದು ಸಂಶೋಧಕರು ನಿಲ್ಲಿಸಿದ್ದು ಅದಕ್ಕೇ.

ಅದಕ್ಕೂ ಮೊದಲು, 1995ರಲ್ಲಿ, ಜರ್ಮನಿಯ 328 ರೋಗಿಗಳಿಗೆ ಮೂರು ವಾರ ರಕ್ತನಾಳದ ಮೂಲಕ ಕೊಟ್ಟಾಗಲೂ ಲಕ್ಷಣಗಳು ತಗ್ಗಿದ್ದವು. ಅಲ್ಲಿ ಇದನ್ನು ವೈದ್ಯರು ದಶಕಗಳಿಂದ ಬರೆಯುತ್ತ ಬಂದದ್ದಕ್ಕೆ ಇಂಥ ಪ್ರಯೋಗಗಳೇ ಆಧಾರ. ಆದರೆ ಮೂರು ವಾರ, ಐದು ವಾರಗಳ ಈ ಸಮಾಧಾನ ದೀರ್ಘಕಾಲ ನಿಲ್ಲುತ್ತದೆಯೇ ಎಂದು ನೋಡಿದಾಗ ಚಿತ್ರ ಬದಲಾಗುತ್ತದೆ. ನಾಥನ್ 1 ಎಂಬ ಪ್ರಯೋಗದಲ್ಲಿ 460 ಮಂದಿಯನ್ನು ನಾಲ್ಕು ವರ್ಷ ಗಮನಿಸಿದರು. ನರದ ಸ್ಥಿತಿಯನ್ನು ಒಟ್ಟಾಗಿ ಅಳೆದ ಮುಖ್ಯ ಲೆಕ್ಕದಲ್ಲಿ ಮಾತ್ರೆಗೂ ಹುಸಿ ಮಾತ್ರೆಗೂ ವ್ಯತ್ಯಾಸ ಸಾಬೀತಾಗಲಿಲ್ಲ. ನರದಲ್ಲಿ ವಿದ್ಯುತ್ ಸಂದೇಶ ಹರಿಯುವ ವೇಗವೂ ಹೆಚ್ಚಲಿಲ್ಲ. ವೈದ್ಯರು ಕೈಯಿಂದ ಪರೀಕ್ಷಿಸಿ ಕೊಡುವ ಅಂಕದಲ್ಲಿ ಮಾತ್ರ ಅಲ್ಪ ಸುಧಾರಣೆ ಕಂಡಿತು. ಹುಸಿ ಮಾತ್ರೆಯವರ ನರಗಳೂ ನಾಲ್ಕು ವರ್ಷದಲ್ಲಿ ನಿರೀಕ್ಷಿಸಿದಷ್ಟು ಕೆಡದಿದ್ದುದರಿಂದ ವ್ಯತ್ಯಾಸ ಕಾಣಲು ಅವಕಾಶವೇ ಕಡಿಮೆಯಿತ್ತು ಎಂಬ ಸಮರ್ಥನೆಯಿದೆ, ಅದನ್ನು ತಳ್ಳಿಹಾಕಲಾಗದು. ಆದರೂ ಸಾಬೀತಾಗದ್ದು ಸಾಬೀತಾಗಿಲ್ಲ.

2024ರಲ್ಲಿ ಕಾಕ್ರೇನ್ ಸಂಸ್ಥೆ ಆರು ತಿಂಗಳು ಅಥವಾ ಹೆಚ್ಚು ನಡೆದ ಪ್ರಯೋಗಗಳನ್ನು ಮಾತ್ರ ಸೋಸಿತು. ಉಳಿದದ್ದು ಮೂರು, ಒಟ್ಟು 816 ಮಂದಿ. ಆರು ತಿಂಗಳ ಹೊತ್ತಿಗೆ ಲಕ್ಷಣಗಳ ಮೇಲೆ ಪರಿಣಾಮ ಬಹುಶಃ ಇಲ್ಲ, ಇದ್ದರೂ ಅತ್ಯಲ್ಪ ಎಂಬುದು ಅವರ ತೀರ್ಮಾನ. ಸಿಡ್ನಿ 2 ಐದೇ ವಾರದ್ದಾದ್ದರಿಂದ ಆ ಲೆಕ್ಕದೊಳಗೆ ಬರಲೇ ಇಲ್ಲ. ಹೀಗಾಗಿ ಒಂದು ಮತ್ತೊಂದನ್ನು ಸುಳ್ಳಾಗಿಸುವುದಿಲ್ಲ. ನನಗೆ ಕಾಣುವುದು ಇಷ್ಟು: ಕೆಲವು ವಾರಗಳ ಮಟ್ಟಿಗೆ ಉರಿ, ಜುಮು ತಗ್ಗಿಸಲು ಇದನ್ನು ನೋಡಬಹುದು, ನರವನ್ನು ಉಳಿಸುತ್ತದೆ, ಸರಿಪಡಿಸುತ್ತದೆ ಎಂದು ನಂಬಿ ವರ್ಷಗಟ್ಟಲೆ ನುಂಗುವುದಕ್ಕೆ ಆಧಾರ ಸಾಲದು.

ಬೆನ್‌ಫೋಟಿಯಮಿನ್‌ನ ಕತೆ ಇನ್ನೂ ತೆಳು. 2008ರಲ್ಲಿ ಪ್ರಕಟವಾದ ಜರ್ಮನಿಯ ಬೆಂಡಿಪ್ ಪ್ರಯೋಗದಲ್ಲಿ 165 ಮಂದಿಗೆ ಆರು ವಾರ ದಿನಕ್ಕೆ 300 ಅಥವಾ 600 ಮಿಲಿಗ್ರಾಂ, ಇಲ್ಲವೇ ಹುಸಿ ಮಾತ್ರೆ ಕೊಟ್ಟರು. ನಿಯಮದಂತೆ ಮಾತ್ರೆ ನುಂಗಿದವರನ್ನಷ್ಟೇ ಲೆಕ್ಕ ಹಾಕಿದಾಗ ಲಕ್ಷಣಗಳ ಒಂದು ಅಂಕಪಟ್ಟಿಯಲ್ಲಿ ಸುಧಾರಣೆ ಕಂಡಿತು, 600ರವರಲ್ಲಿ ಹೆಚ್ಚು. ಚಿಕಿತ್ಸೆ ಪಡೆದವರನ್ನೆಲ್ಲ ಸೇರಿಸಿದಾಗ ಅದು ಅಂಚಿನಲ್ಲಿ ನಿಂತಿತು. ಮೇಲೆ ಹೇಳಿದ 14.64ರ ಅಂಕಪಟ್ಟಿಯಲ್ಲಿ ಖಚಿತ ವ್ಯತ್ಯಾಸ ಕಾಣಲೇ ಇಲ್ಲ. ನಾರ್ವೆಯಲ್ಲಿ ಮೊದಲ ಬಗೆಯ ಮಧುಮೇಹವಿದ್ದ 67 ಮಂದಿಗೆ ಎರಡು ವರ್ಷ ದಿನಕ್ಕೆ 300 ಮಿಲಿಗ್ರಾಂ ಕೊಟ್ಟು ನೋಡಿದಾಗ ನರದ ಕೆಲಸದಲ್ಲಿ ಬದಲಾವಣೆ ಸಿಗಲಿಲ್ಲ. ಅವರ ರಕ್ತದಲ್ಲಿ ಬಿ1 ಮಾತ್ರ ಚೆನ್ನಾಗಿಯೇ ಏರಿತ್ತು. ಎಂದರೆ ಮಾತ್ರೆ ದೇಹ ಸೇರಿತು, ನರಕ್ಕೆ ಉಪಕಾರ ಆಗಲಿಲ್ಲ. ಇದರ ಒಳ್ಳೆಯ ಗುಣವೆಂದರೆ ತೊಂದರೆ ಕೊಡುವುದು ಕಡಿಮೆ, ಸಕ್ಕರೆಯನ್ನು ತಾನಾಗಿ ಇಳಿಸುವುದಕ್ಕೂ ಪುರಾವೆ ಇಲ್ಲ. ಮುಂದೆ ಬರುವ ಎಚ್ಚರಿಕೆಗಳು ಬಹುಪಾಲು ಆಲ್ಫಾ ಲಿಪೋಯಿಕ್ ಆಸಿಡ್‌ಗೆ ಸೇರಿದವು.

ಈಗ ಕಂಡಕ್ಟರ ಕೈಯಲ್ಲಿರುವ ಮಾತ್ರೆ ಪಟ್ಟಿಗೆ ಬರೋಣ. ಪ್ರಯೋಗಗಳಲ್ಲಿ ಕೊಟ್ಟದ್ದು 600 ಮಿಲಿಗ್ರಾಂ ಆಲ್ಫಾ ಲಿಪೋಯಿಕ್ ಆಸಿಡ್, ಅದೊಂದನ್ನೇ. ನಮ್ಮ ಅಂಗಡಿಗಳ ಸಂಯುಕ್ತ ಮಾತ್ರೆಗಳಲ್ಲಿ ಅದು ಹೆಚ್ಚಾಗಿ 100 ಮಿಲಿಗ್ರಾಂ ಇರುತ್ತದೆ; ಜೊತೆಗೆ ಮೀಥೈಲ್‌ಕೊಬಾಲಮಿನ್ ಎಂಬ ಬಿ12, ಪಿರಿಡಾಕ್ಸಿನ್ ಎಂಬ ಬಿ6, ಫೋಲಿಕ್ ಆಸಿಡ್, ಕೆಲವದರಲ್ಲಿ ಬಯೋಟಿನ್, ಕೆಲವದರಲ್ಲಿ ನೋವಿಗೆಂದೇ ಇರುವ ಪ್ರಿಗ್ಯಾಬಲಿನ್. ಆರರಲ್ಲಿ ಒಂದು ಪಾಲು ಕೊಟ್ಟು ಸಿಡ್ನಿ 2ರ ಫಲಿತಾಂಶ ನಿರೀಕ್ಷಿಸುವುದು ನ್ಯಾಯವಲ್ಲ. ನೋವು ಇಳಿದರೂ ಅದು ಪ್ರಿಗ್ಯಾಬಲಿನ್‌ನಿಂದಲೇ ಇರಬಹುದು. ಅದಕ್ಕೆ, ಡುಲೋಕ್ಸಿಟಿನ್‌ಗೆ ಇರುವ ಆಧಾರ ಇವೆರಡಕ್ಕಿಂತ ಬಹಳ ಗಟ್ಟಿ. ತೂಕಡಿಕೆ, ಕಾಲೂತ ಬಂದರೆ ಹೊಣೆಯೂ ಬಹುಶಃ ಅದರದ್ದೇ.

ಬಿ6 ಇದೆಯೇ, ಎಷ್ಟಿದೆ ಎಂದು ನೋಡಿಕೊಳ್ಳಬೇಕು. ಕೊರತೆಯಾದರೂ ಅತಿಯಾದರೂ ನರ ಕೆಡಿಸುವ ಜೀವಸತ್ವವದು. ಎರಡು ಮೂರು ಬಗೆಯ ಟಾನಿಕ್ಕು ಮಾತ್ರೆಗಳಲ್ಲಿ ಸೇರಿ ತಿಂಗಳುಗಟ್ಟಲೆ ಹೆಚ್ಚಾಗಿ ಹೊಟ್ಟೆಗೆ ಹೋದರೆ, ಯಾವ ಜೋಮಿಗೆ ಮಾತ್ರೆ ನುಂಗಿದೆವೋ ಅದೇ ಜೋಮು ಬೇರೆ ಕಾರಣದಿಂದ ಮುಂದುವರಿಯುತ್ತದೆ. ಇನ್ನು ಬಿ12. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಅದು ಕುಸಿಯಬಹುದು, ಸಸ್ಯಾಹಾರಿಗಳಲ್ಲಿ ಮೊದಲೇ ಕಡಿಮೆಯಿರಬಹುದು, ಕುಸಿದರೆ ಪಾದದಲ್ಲಿ ಕಾಣುವ ಲಕ್ಷಣ ಮಧುಮೇಹದ್ದರಂತೆಯೇ. ರಕ್ತಪರೀಕ್ಷೆ ಮಾಡಿಸದೆ ಬಿ12 ಸೇರಿದ ಮಾತ್ರೆ ಶುರುಮಾಡಿದರೆ ಆಮೇಲಿನ ಪರೀಕ್ಷೆಯಲ್ಲಿ ಅಂಕಿ ಸರಿಯಾಗಿಯೇ ಬರುತ್ತದೆ, ಕೊರತೆಯಿತ್ತೋ ಇಲ್ಲವೋ ತಿಳಿಯುವ ಅವಕಾಶ ಹೋಗುತ್ತದೆ. ಆದ್ದರಿಂದ ಪರೀಕ್ಷೆ ಮೊದಲು, ಮಾತ್ರೆ ಆಮೇಲೆ.

ಸಕ್ಕರೆಯ ವಿಷಯ. ಆಲ್ಫಾ ಲಿಪೋಯಿಕ್ ಆಸಿಡ್ ಇನ್ಸುಲಿನ್‌ನ ಕೆಲಸವನ್ನು ಸ್ವಲ್ಪ ಸುಲಭಗೊಳಿಸುತ್ತದೆ. ಅದರಿಂದಾಗಿ ಸಕ್ಕರೆ ಇಳಿಯುವುದು ಸರಾಸರಿಯಲ್ಲಿ ಸಣ್ಣ ಪ್ರಮಾಣ. ಕೆಲವು ಅಧ್ಯಯನಗಳಲ್ಲಿ ಕಾಣುತ್ತದೆ, ಕೆಲವದರಲ್ಲಿ ಇಲ್ಲ. ಮೆಟ್‌ಫಾರ್ಮಿನ್ ಒಂದನ್ನೇ, ಅಥವಾ ಸಿಟಾಗ್ಲಿಪ್ಟಿನ್‌ನಂಥದ್ದನ್ನು ತೆಗೆದುಕೊಳ್ಳುವವರಿಗೆ ಇದರಿಂದ ‘ಲೋ ಶುಗರ್’ ಆಗುವ ಭಯ ಕಡಿಮೆ, ಯಾಕೆಂದರೆ ಆ ಔಷಧಗಳು ಸಕ್ಕರೆ ಕಡಿಮೆಯಿರುವಾಗ ಇನ್ನೂ ಕೆಳಕ್ಕೆ ತಳ್ಳುವಂಥವಲ್ಲ. ಗ್ಲಿಮೆಪಿರೈಡ್, ಗ್ಲಿಕ್ಲಜೈಡ್, ಗ್ಲಿಬೆನ್‌ಕ್ಲಮೈಡ್ ಮತ್ತು ಇನ್ಸುಲಿನ್ ಚುಚ್ಚುಮದ್ದು ಹಾಗಲ್ಲ. ಹೊಟ್ಟೆಗೆ ಅನ್ನ ಬಿದ್ದಿದೆಯೋ ಇಲ್ಲವೋ ನೋಡದೆ ಅವು ಸಕ್ಕರೆ ಇಳಿಸುತ್ತಲೇ ಇರುತ್ತವೆ.

ಕಂಡಕ್ಟರರು ಮೆಟ್‌ಫಾರ್ಮಿನ್ ಜೊತೆ ಬೆಳಿಗ್ಗೆ 2 ಮಿಲಿಗ್ರಾಂ ಗ್ಲಿಮೆಪಿರೈಡ್ ನುಂಗುತ್ತಾರೆ ಎನ್ನಿ. ಆಲ್ಫಾ ಲಿಪೋಯಿಕ್ ಆಸಿಡ್ ಊಟದ ಜೊತೆ ಸರಿಯಾಗಿ ಹೀರಲ್ಪಡದ ಕಾರಣ ತಿಂಡಿಗೆ ಅರ್ಧ ಗಂಟೆ ಮೊದಲು ಬರಿಹೊಟ್ಟೆಯಲ್ಲಿ ತೆಗೆದುಕೊಳ್ಳಲು ಹೇಳುತ್ತಾರೆ. ಎರಡೂ ಒಂದೇ ಹೊತ್ತಿಗೆ ಹೊಟ್ಟೆ ಸೇರಿದವು. ಈಗ ಮಾತ್ರೆಯಿಂದ ವಾಕರಿಕೆ ಬಂದು ತಿಂಡಿ ಬೇಡವೆನಿಸಿತು, ಅಥವಾ ಅಂದು ಏಕಾದಶಿ. ಹತ್ತೂವರೆ ಹೊತ್ತಿಗೆ ಸಕ್ಕರೆ 60ಕ್ಕೆ ಇಳಿದರೆ ಆಶ್ಚರ್ಯವಿಲ್ಲ. ಇಲ್ಲಿ ತಪ್ಪು ಹೊಸ ಮಾತ್ರೆಯ ಸಕ್ಕರೆ ಇಳಿಸುವ ಗುಣದ್ದು ಮಾತ್ರವಲ್ಲ, ತಪ್ಪಿದ ತಿಂಡಿಯದ್ದೂ ಹೌದು. ಹೊಸದಾಗಿ ಶುರುಮಾಡಿದ ಮೊದಲ ಎರಡು ವಾರ ಬೆಳಿಗ್ಗೆ, ಮಧ್ಯಾಹ್ನದ ಊಟಕ್ಕೆ ಮೊದಲು ಮತ್ತು ಮಲಗುವಾಗ ಗ್ಲೂಕೋಮೀಟರಿನಲ್ಲಿ ನೋಡಿ ಬರೆದಿಡುವುದು, 70ರ ಕೆಳಗೆ ಹೋದರೆ ಅಥವಾ ಹಿಂದಿಗಿಂತ ಎದ್ದು ಕಾಣುವಂತೆ ಇಳಿದರೆ ವೈದ್ಯರಿಗೆ ತೋರಿಸುವುದು ಇದಕ್ಕೇ. ಕಡಿಮೆ ಮಾಡಬೇಕಾದದ್ದು ಗ್ಲಿಮೆಪಿರೈಡೋ ನರದ ಮಾತ್ರೆಯೋ ಎಂಬುದನ್ನು ಅವರು ನಿರ್ಧರಿಸಲಿ. ಉಪವಾಸದ ದಿನಗಳ ಮಾತನ್ನೂ ಅವರೊಡನೆ ಮೊದಲೇ ಆಡಿಟ್ಟಿರಬೇಕು.

ಈ ರೋಗಿಗಳಲ್ಲಿ ಇನ್ನೊಂದು ತೊಡಕಿದೆ, ಅದನ್ನು ಯಾರೂ ಹೆಚ್ಚಾಗಿ ಹೇಳುವುದಿಲ್ಲ. ಸಕ್ಕರೆ ಇಳಿದಾಗ ಬೆವರು, ಎದೆಬಡಿತ, ನಡುಕ ಬಂದು ನಮ್ಮನ್ನು ಎಚ್ಚರಿಸುವುದೂ ನರಗಳೇ. ಪಾದದ ನರ ಕೆಟ್ಟವರಲ್ಲಿ ಹಲವರಿಗೆ ಒಳಗಿನ ಈ ನರಗಳೂ ಮಂಕಾಗಿರುತ್ತವೆ. ರಕ್ತದೊತ್ತಡಕ್ಕೆ ಮೆಟೊಪ್ರೊಲಾಲ್‌ನಂಥ ಬೀಟಾ ಬ್ಲಾಕರ್ ತೆಗೆದುಕೊಳ್ಳುತ್ತಿದ್ದರೆ ಎದೆಬಡಿತ, ನಡುಕದ ಸೂಚನೆ ಇನ್ನೂ ಮಸುಕು. ಬೆವರುವುದಷ್ಟೇ ಉಳಿಯಬಹುದು, ಅದೂ ಇಲ್ಲದಿರಬಹುದು. ಎಚ್ಚರಿಕೆಯ ಗಂಟೆ ಬಾರದೆ ಮಾತು ತೊದಲುವುದು, ಮಂಕು ಕವಿಯುವುದು ಮೊದಲು ಕಂಡರೆ ಮನೆಯವರೇ ಗುರುತಿಸಬೇಕು. ಪ್ರಜ್ಞೆಯಿದ್ದು ನುಂಗಲು ಆಗುವುದಾದರೆ ಮೂರು ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕೊಟ್ಟು ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು. ಆದರೆ ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಸೇರಿದ ಮಾತ್ರೆ ತೆಗೆದುಕೊಳ್ಳುವವರಿಗೆ ಅಡುಗೆಮನೆಯ ಸಕ್ಕರೆ ಬೇಗ ಒಡೆಯುವುದಿಲ್ಲ, ಗ್ಲೂಕೋಸ್ ಪುಡಿಯೇ ಬೇಕು. ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್, ವೋಗ್ಲಿಬೋಸ್ ಮೂರನ್ನೂ ಒಂದೇ ಮಾತ್ರೆಯಲ್ಲಿಟ್ಟು ಮಾರುವುದು ನಮ್ಮಲ್ಲಿ ಸಾಮಾನ್ಯ, ಆದ್ದರಿಂದ ಈ ಮಾತು ಅಪರೂಪದ್ದಲ್ಲ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು.

ಇದೆಲ್ಲ ಲೆಕ್ಕಕ್ಕೆ ಸಿಗುವ ಅಪಾಯ. ಲೆಕ್ಕಕ್ಕೆ ಸಿಗದ ಒಂದು ವಿರಳ ತೊಂದರೆಯೂ ಇದೆ. 1970ರಲ್ಲಿ ಜಪಾನಿನ ಹಿರಾಟಾ ಮತ್ತು ಸಂಗಡಿಗರು ವರ್ಣಿಸಿದ ಇನ್ಸುಲಿನ್ ಆಟೋಇಮ್ಯೂನ್ ಸಿಂಡ್ರೋಮ್ ಅದು. ದೇಹ ತನ್ನದೇ ಇನ್ಸುಲಿನ್‌ಗೆ ಪ್ರತಿಕಾಯ ತಯಾರಿಸುತ್ತದೆ. ಊಟವಾದಾಗ ಬಂದ ಇನ್ಸುಲಿನ್ನನ್ನು ಆ ಪ್ರತಿಕಾಯಗಳು ಸ್ಪಂಜಿನಂತೆ ಹೀರಿಡುವುದರಿಂದ ಮೊದಲು ಸಕ್ಕರೆ ಏರುತ್ತದೆ. ಹಲವು ಗಂಟೆ ಕಳೆದ ಮೇಲೆ, ಊಟ ಪೂರ್ತಿ ಜೀರ್ಣವಾಗಿ ಇನ್ಸುಲಿನ್ ಬೇಡವಾದ ಹೊತ್ತಿನಲ್ಲಿ, ಅವು ಅದನ್ನು ಬಿಡುಗಡೆ ಮಾಡುತ್ತವೆ. ನಡುರಾತ್ರಿಯೋ ನಸುಕಿನಲ್ಲೋ ಸಕ್ಕರೆ ಕುಸಿಯುತ್ತದೆ. ಗಂಧಕ ಸೇರಿದ ಕೆಲವು ಔಷಧಗಳಿಂದ ಇದು ಪ್ರಚೋದನೆಗೊಳ್ಳುತ್ತದೆ. ಥೈರಾಯ್ಡ್‌ಗೆ ಕೊಡುವ ಮೆಥಿಮಜೋಲ್ ಅವುಗಳಲ್ಲೊಂದು, ಆಲ್ಫಾ ಲಿಪೋಯಿಕ್ ಆಸಿಡ್ ಇನ್ನೊಂದು. ಯಾರಿಗೆ ಬರುತ್ತದೆ ಎಂಬುದರಲ್ಲಿ ವಂಶವಾಹಿಯ ಪಾಲು ದೊಡ್ಡದು. ಆ ಬಗೆಯ ವಂಶವಾಹಿ ಜಪಾನಿಯರಲ್ಲಿ ಹೆಚ್ಚಾಗಿರುವುದರಿಂದ ಪ್ರಕರಣಗಳೂ ಅಲ್ಲೇ ಹೆಚ್ಚು. ಆದರೆ ಯೂರೋಪಿನಲ್ಲೂ ಕಂಡಿವೆ, ಭಾರತದ ವೈದ್ಯರೂ ದಾಖಲಿಸಿದ್ದಾರೆ. 2021ರಲ್ಲಿ ಯೂರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ಇದನ್ನು ಪರಿಶೀಲಿಸಿ, ಆ ವಂಶವಾಹಿಯುಳ್ಳವರಲ್ಲಿ ಅಪಾಯ ಹೆಚ್ಚಬಹುದು, ಇಷ್ಟರೊಳಗೆ ತೆಗೆದುಕೊಂಡರೆ ಸುರಕ್ಷಿತ ಎಂಬ ಪ್ರಮಾಣ ಹೇಳಲಾಗದು ಎಂದಿತು.

ವಿರಳವಾದರೂ ಇದನ್ನು ನೆನಪಿಡಲು ಕಾರಣವಿದೆ. ಗುರುತಿಸುವುದು ತಡವಾದರೆ ಆಗುವ ಎಡವಟ್ಟು ದೊಡ್ಡದು. ನರದ ಮಾತ್ರೆ ಶುರುವಾಗಿ ಕೆಲವು ವಾರಗಳ ಮೇಲೆ ರಾತ್ರಿ ಸಕ್ಕರೆ ಕುಸಿಯತೊಡಗುತ್ತದೆ, ಸಹಜವಾಗಿಯೇ ಗ್ಲಿಮೆಪಿರೈಡ್ ಕಡಿಮೆ ಮಾಡುತ್ತಾರೆ, ನಿಲ್ಲಿಸುತ್ತಾರೆ, ಆದರೂ ಕುಸಿಯುತ್ತದೆ. ಸಕ್ಕರೆ ಇಳಿಸುವ ಔಷಧವೇ ಇಲ್ಲದವರಲ್ಲಿ ಲೋ ಶುಗರ್ ಆಗುವುದೇ ಇಲ್ಲಿನ ಸುಳಿವು. ಸಕ್ಕರೆ ಕಡಿಮೆಯಿರುವಾಗಲೇ ತೆಗೆದ ರಕ್ತದಲ್ಲಿ ಇನ್ಸುಲಿನ್ ಮತ್ತು ಸಿ ಪೆಪ್ಟೈಡ್ ಅಳೆದು, ಇನ್ಸುಲಿನ್ ವಿರುದ್ಧದ ಪ್ರತಿಕಾಯಗಳನ್ನು ಪರೀಕ್ಷಿಸುತ್ತಾರೆ. ಇನ್ಸುಲಿನ್ ನಂಬಲಾಗದಷ್ಟು ಹೆಚ್ಚಿರುತ್ತದೆ. ಇನ್ಸುಲಿನ್ ಚುಚ್ಚಿಸಿಕೊಳ್ಳುವವರ ದೇಹದಲ್ಲೂ ಪ್ರತಿಕಾಯಗಳು ಇರುವುದರಿಂದ ಅವರಲ್ಲಿ ಇದನ್ನು ಬಿಡಿಸಿ ಹೇಳುವುದು ತಜ್ಞರಿಗೂ ಸುಲಭವಲ್ಲ. ಹೊಟ್ಟೆಯ ಸ್ಕ್ಯಾನು, ಮೇದೋಜೀರಕದಲ್ಲಿ ಗಡ್ಡೆಯ ಹುಡುಕಾಟ ಎಂದು ಸುತ್ತಾಡುವ ಮುನ್ನ ಒಂದು ಪ್ರಶ್ನೆ ಕೇಳಿದ್ದರೆ ಸಾಕಾಗುತ್ತಿತ್ತು ಎಂಬಂಥ ಪ್ರಸಂಗಗಳು ಇವು: ವಿಟಮಿನ್ ಎಂದು, ನರಕ್ಕೆಂದು ಏನಾದರೂ ತೆಗೆದುಕೊಳ್ಳುತ್ತಿದ್ದೀರಾ? ರೋಗಿ ಅದನ್ನು ಔಷಧವೆಂದು ಎಣಿಸದೆ ಹೇಳಿರುವುದಿಲ್ಲ. ಆಹಾರ ಪೂರಕವೆಂಬ ಮುದ್ರೆಯೊಂದಿಗೆ ಬರುವ ಡಬ್ಬಿಗಳಿಗಂತೂ ಚೀಟಿಯೇ ಇರುವುದಿಲ್ಲ. ಮಾತ್ರೆ ನಿಲ್ಲಿಸಿ, ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಉಣ್ಣುತ್ತ ಬಂದರೆ ಹೆಚ್ಚಿನವರಲ್ಲಿ ಕೆಲವು ವಾರಗಳಿಂದ ತಿಂಗಳುಗಳಲ್ಲಿ ಇದು ತಾನಾಗಿ ಶಮನವಾಗುತ್ತದೆ. ಅಂಥವರು ಆ ಹೆಸರಿನ ಮಾತ್ರೆಯನ್ನು ಇನ್ನೆಂದೂ, ಯಾವ ಸಂಯುಕ್ತದಲ್ಲೂ ಮುಟ್ಟಬಾರದು.

ಮನೆಯಲ್ಲಿ ಮಕ್ಕಳಿದ್ದರೆ ಡಬ್ಬಿಯನ್ನು ಕೈಗೆಟುಕದಂತೆ ಇಡಬೇಕು. ಹೆಚ್ಚು ಪ್ರಮಾಣದಲ್ಲಿ ನುಂಗಿದವರಿಗೆ ಫಿಟ್ಸ್ ಬಂದು, ರಕ್ತ ಆಮ್ಲೀಯವಾಗಿ ಪ್ರಾಣಕ್ಕೆ ಕುತ್ತಾದ ಪ್ರಕರಣಗಳಿವೆ.

ವೈದ್ಯರ ಸಲಹೆಯ ಮೇಲೆ ಶುರುಮಾಡುವುದಾದರೆ ಅವಧಿ ಗೊತ್ತುಮಾಡಿಕೊಂಡು ಶುರುಮಾಡುವುದು ಒಳ್ಳೆಯದು. ಕಂಡಕ್ಟರರು ಮೊದಲ ದಿನವೇ ಉರಿ, ಜುಮು, ಮರಗಟ್ಟುವಿಕೆ, ಚುಚ್ಚುನೋವುಗಳನ್ನು ಕ್ಯಾಲೆಂಡರಿನ ಹಿಂದೆ ತೀವ್ರ, ಮಧ್ಯಮ, ಸಣ್ಣ ಎಂದು ಬರೆದಿಟ್ಟು, ಆರು ವಾರದ ಮೇಲೆ ಮತ್ತೆ ಬರೆದು ಹೋಲಿಸಲಿ. ಅಷ್ಟರಲ್ಲಿ ತೀವ್ರವಿದ್ದದ್ದು ಸಣ್ಣದಾಗಿರದಿದ್ದರೆ ಮುಂದುವರಿಸುವುದಕ್ಕೆ ಕಾರಣ ಸಿಗುವುದಿಲ್ಲ. ಡುಲೋಕ್ಸಿಟಿನ್ ಅಥವಾ ಪ್ರಿಗ್ಯಾಬಲಿನ್ ಬಗ್ಗೆ ವೈದ್ಯರನ್ನು ಕೇಳುವ ಹೊತ್ತು ಅದು. ಉರಿ ಇಳಿದಿದ್ದರೂ ಮರಗಟ್ಟಿದ ಪಾದ ಮರಗಟ್ಟಿದ್ದೇ. ಗಾಯ ತಿಳಿಯದ ಪಾದವನ್ನು ಪ್ರತಿ ರಾತ್ರಿ ಅಂಗಾಲು, ಬೆರಳ ಸಂದು ತಿರುವಿ ನೋಡುವ ಕೆಲಸಕ್ಕೆ ಯಾವ ಮಾತ್ರೆಯೂ ವಿನಾಯಿತಿ ಕೊಡುವುದಿಲ್ಲ.